14ನೇ ದಿನ ಎಷ್ಟು ಗಂಟೆಗೆ ಮುಗಿಯುತ್ತದೆ? ಫ್ರೀ ಟ್ರಯಲ್ ಷರತ್ತು ಬರೆಯುವವರಿಗೆ ಒಂದು ಬಹಿರಂಗ ಪತ್ರ

ಸಾಫ್ಟ್‌ವೇರ್ ಕಂಪನಿಗಳಲ್ಲಿ ಕುಳಿತು ಫ್ರೀ ಟ್ರಯಲ್ ಷರತ್ತು ಬರೆಯುವವರಿಗೆ, ಆ ಷರತ್ತಿನ ಮೇಲೆ ದೊಡ್ಡ ಬಟನ್ ಇಡುವವರಿಗೆ, ಹಿಂದೆ ಬಿಲ್ಲಿಂಗ್ ಕಟ್ಟುವವರಿಗೆ,

ನಮಸ್ಕಾರ.

ನಾನು ನಿಮಗೆ ಪೂರ್ತಿ ಹೊರಗಿನವನಲ್ಲ. ಆರು ವರ್ಷ ಒಂದು ಕಂಪನಿಯ ಬಿಲ್ಲಿಂಗ್ ಸಪೋರ್ಟ್‌ನಲ್ಲಿ ಕೂತು ಗಿರಾಕಿಗಳ ಮೇಲ್‌ಗೆ ಉತ್ತರ ಬರೆದವನು. "ಟ್ರಯಲ್ ಇನ್ನೂ ಮುಗಿದಿಲ್ಲ, ದುಡ್ಡು ಯಾಕೆ ಹೋಯಿತು?" ಅನ್ನುವ ಮೇಲ್ ಬಂದರೆ ಅದಕ್ಕೆ ಕಳಿಸುವ ಸಿದ್ಧ ಉತ್ತರವನ್ನು ಬರೆದುಕೊಟ್ಟವನೂ ನಾನೇ. ಈಗ ಆ ಕೆಲಸ ಬಿಟ್ಟಿದ್ದೇನೆ. ನಾವು ಮೂವರು ಸೇರಿ ಅನುವಾದದ ಕೆಲಸ ಮಾಡುತ್ತೇವೆ. ಕಳೆದ ಮಾರ್ಚ್‌ನಲ್ಲಿ ಒಂದು ಕಂಪನಿಯ ಸಾಫ್ಟ್‌ವೇರ್ ಟ್ರಯಲ್‌ಗೆ ತೆಗೆದುಕೊಂಡೆವು. ಯಾವ ಫೈಲ್ ಯಾರ ಹತ್ತಿರ ಇದೆ, ಯಾವಾಗ ಕೊಡಬೇಕು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಅದು. ಹಾಗೆ ನಾನೇ ಬರೆದುಕೊಟ್ಟಂಥ ಉತ್ತರ ನನಗೇ ಬಂತು. ಕಂಪನಿಯ ಹೆಸರು ಹೇಳುವುದಿಲ್ಲ. ಅವರೊಬ್ಬರೇ ಹಾಗೆ ಮಾಡಿದ್ದರೆ ಅವರಿಗೇ ಬರೆಯುತ್ತಿದ್ದೆ, ಈ ಪತ್ರ ಬೇಕಿರಲಿಲ್ಲ.

ನಡೆದದ್ದು ಇಷ್ಟು. ಮಾರ್ಚ್ 3ರ ಸಂಜೆ 6 ಗಂಟೆ 40 ನಿಮಿಷಕ್ಕೆ ಖಾತೆ ತೆರೆದೆ. ಸ್ಕ್ರೀನ್ ಮೇಲೆ "14 ದಿನ ಉಚಿತ, ಯಾವಾಗ ಬೇಕಾದರೂ ರದ್ದು ಮಾಡಿ" ಎಂದಿತ್ತು. ಕಾರ್ಡ್ ನಂಬರ್ ಕೇಳಿತು, ಕೊಟ್ಟೆ. ಟ್ರಯಲ್ ಮುಗಿದ ಮೇಲೆ ಯಾವ ಪ್ಲ್ಯಾನ್ ಅಂತ ಕೇಳಿತು, ಎಲ್ಲಕ್ಕಿಂತ ಚಿಕ್ಕದನ್ನು ಒತ್ತಿದೆ. ಎರಡು ವಾರ ಚೆನ್ನಾಗಿಯೇ ಓಡಿತು. ಮಾರ್ಚ್ 17ರ ರಾತ್ರಿ ಊಟ ಮುಗಿಸಿ ಮೂವರೂ ಫೋನಿನಲ್ಲಿ ಮಾತಾಡಿದೆವು. ಇನ್ನೂ ಮನಸ್ಸು ಗಟ್ಟಿಯಾಗಿರಲಿಲ್ಲ. ಸದ್ಯಕ್ಕೆ ನಿಲ್ಲಿಸೋಣ, ಬೇಕಾದರೆ ಮುಂದಿನ ವಾರ ತೆಗೆದುಕೊಳ್ಳೋಣ ಅಂತ ತೀರ್ಮಾನ ಆಯಿತು. 9 ಗಂಟೆ 10 ನಿಮಿಷಕ್ಕೆ ರದ್ದು ಮಾಡಲು ಒಳಗೆ ಹೋದರೆ ಅಷ್ಟರಲ್ಲಿ ಹಣ ಹೋಗಿತ್ತು. ಹೋದ ಹೊತ್ತು 7 ಗಂಟೆ 42 ನಿಮಿಷ. ಹೋದದ್ದು ಮೂವರ ಹಣ ಅಲ್ಲ, ಒಂಬತ್ತು ಜನರ ಹಣ.

ಮೊದಲು ಆ ಹೊತ್ತಿನ ಮಾತು. "14 ದಿನ" ಅನ್ನುವುದನ್ನು ಮೂರು ಥರ ಎಣಿಸಬಹುದು. ಖಾತೆ ತೆರೆದ ದಿನವನ್ನೇ ಒಂದನೇ ದಿನ ಅಂತ ಹಿಡಿದರೆ ಟ್ರಯಲ್ 16ರ ಮಧ್ಯರಾತ್ರಿಗೆ ಮುಗಿಯುತ್ತದೆ. ಮರುದಿನದಿಂದ ಎಣಿಸಿದರೆ 17ರ ಮಧ್ಯರಾತ್ರಿಗೆ. ಬಿಲ್ಲಿಂಗ್ ವ್ಯವಸ್ಥೆ ಮಾತ್ರ ಸಾಮಾನ್ಯವಾಗಿ ಈ ಎರಡನ್ನೂ ಮಾಡುವುದಿಲ್ಲ. ಅದು ಖಾತೆ ತೆರೆದ ನಿಮಿಷಕ್ಕೆ 14 ಸಲ 24 ಗಂಟೆ ಕೂಡಿಸುತ್ತದೆ. ಹಾಗಾಗಿ ನನ್ನ ಟ್ರಯಲ್ 17ರ ಸಂಜೆ 6 ಗಂಟೆ 40ಕ್ಕೇ ಮುಗಿದಿತ್ತು. ನಾನು ಎಣಿಸಿದ್ದು ಕ್ಯಾಲೆಂಡರ್ ನೋಡಿ, ಅದು ಎಣಿಸಿದ್ದು ಗಡಿಯಾರ ನೋಡಿ. ಎರಡೂ ಎಣಿಕೆ ಸರಿಯೇ. ಯಾವುದು ನಡೆಯುತ್ತದೆ ಅಂತ ಸ್ಕ್ರೀನ್ ಹೇಳಿರಲಿಲ್ಲ, ಅಷ್ಟೇ.

ಹಾಗಾದರೆ ಹಣ 6 ಗಂಟೆ 40ಕ್ಕೆ ಹೋಗಬೇಕಿತ್ತಲ್ಲ, 7 ಗಂಟೆ 42ಕ್ಕೆ ಯಾಕೆ ಹೋಯಿತು? ಇದು ಹೊರಗಿನವರಿಗೆ ಗೊತ್ತಿಲ್ಲದ ವಿಷಯ. ಬಹಳಷ್ಟು ಕಂಪನಿಗಳು ಬಿಲ್ಲಿಂಗ್‌ಗೆ ಬಳಸುವ ಸ್ಟ್ರೈಪ್ ವ್ಯವಸ್ಥೆಯನ್ನೇ ನೋಡಿ. ಟ್ರಯಲ್ ಇರುವಷ್ಟು ದಿನ ಚಂದಾದ ಸ್ಥಿತಿ `trialing` ಎಂದಿರುತ್ತದೆ. ಅವಧಿ ಮುಗಿದ ತಕ್ಷಣ ಸ್ಥಿತಿ ಬದಲಾಗುತ್ತದೆ, ಮೊದಲ ಬಿಲ್ಲಿನ ಕರಡು ತಯಾರಾಗುತ್ತದೆ. ಆ ಕರಡು ಸುಮಾರು ಒಂದು ಗಂಟೆ ಹಾಗೇ ಇರುತ್ತದೆ. ಕಂಪನಿಯವರು ಏನಾದರೂ ಸೇರಿಸುವುದಿದ್ದರೆ, ತೆಗೆಯುವುದಿದ್ದರೆ ಅನುಕೂಲ ಆಗಲಿ ಅಂತ. ಆಮೇಲೆ ಬಿಲ್ ಪಕ್ಕಾ ಆಗಿ ಕಾರ್ಡಿನಿಂದ ಹಣ ಹೋಗುತ್ತದೆ. ಅಂದರೆ ಗಿರಾಕಿಯ ಫೋನಿಗೆ ಬ್ಯಾಂಕಿನ ಸಂದೇಶ ಬರುವ ಹೊತ್ತಿಗೆ ಟ್ರಯಲ್ ಮುಗಿದು ಒಂದು ಗಂಟೆ ಆಗಿರುತ್ತದೆ. ಹಣ ಹೋಗಿಲ್ಲ, ಹಾಗಾದರೆ ಇನ್ನೂ ಟ್ರಯಲ್ ಇದೆ ಅಂತ ಆ ಒಂದು ಗಂಟೆಯಲ್ಲಿ ಅಂದುಕೊಂಡವರು ನನಗೆ ಬರೆದ ಮೇಲ್‌ಗಳಿಗೆ ಲೆಕ್ಕವೇ ಇಲ್ಲ.

ಇದಕ್ಕೆ ಕಾಲವಲಯದ ಗೋಜಲನ್ನೂ ಸೇರಿಸಿ. ಕೆಲವು ಕಂಪನಿಗಳು "17ನೇ ತಾರೀಖಿಗೆ ಮುಗಿಯುತ್ತದೆ" ಅಂತ ದಿನವನ್ನಾದರೂ ಬರೆಯುತ್ತವೆ. ಆ 17 ಯಾವ ಊರಿನ 17? ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಓಡುತ್ತವೆ. 17 ಶುರುವಾಗುವ ಯುಟಿಸಿ ಮಧ್ಯರಾತ್ರಿಯೇ ಗಡುವು ಅಂತಿಟ್ಟುಕೊಳ್ಳಿ. ಯುಟಿಸಿಗಿಂತ ಹಿಂದಿರುವ ದೇಶದವರಿಗೆ ಅದು 16ರ ಮಧ್ಯಾಹ್ನವೋ ಸಂಜೆಯೋ ಆಗಿರುತ್ತದೆ. ತಮ್ಮ ಕ್ಯಾಲೆಂಡರ್‌ನಲ್ಲಿ ಇನ್ನೂ 17 ಬಂದೇ ಇಲ್ಲ, ಹಣ ಹೋಗಿಬಿಟ್ಟಿದೆ. ಅವರಿಗೆ ಸಿಟ್ಟು ಬಂದರೆ ತಪ್ಪಾ?

ಗಡುವಿಗಿಂತ ಮುಂಚೆಯೇ ಇನ್ನೊಂದು ಗಡುವು ಇರುವುದೂ ಉಂಟು. ಆಪಲ್ ಮೂಲಕ ತೆಗೆದುಕೊಂಡ ಟ್ರಯಲ್ ಬೇಡವೆಂದರೆ ಅದು ಮುಗಿಯುವ ಕನಿಷ್ಠ 24 ಗಂಟೆ ಮೊದಲು ರದ್ದು ಮಾಡಿ ಅಂತ ಆಪಲ್ ತಾನೇ ಹೇಳುತ್ತದೆ. ಕೊನೆಯ ದಿನ ನೋಡಿಕೊಳ್ಳೋಣ ಅಂದುಕೊಂಡವರು ಅಲ್ಲಿ ಸಿಕ್ಕಿಬೀಳುತ್ತಾರೆ. ಇನ್ನು ಆ್ಯಪ್ ಅಳಿಸಿದರೆ ಸಾಕು ಅಂತ ನಂಬಿದವರು. ಆ್ಯಪ್ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಗೂಗಲ್ ಪ್ಲೇ ಇದನ್ನು ಸ್ಪಷ್ಟವಾಗಿಯೇ ಬರೆದಿದೆ. ಆದರೂ ನನ್ನ ಆರು ವರ್ಷದಲ್ಲಿ ಅತಿ ಜಾಸ್ತಿ ಕೇಳಿದ ವಾಕ್ಯ "ನಾನು ಆ್ಯಪ್ ತೆಗೆದುಹಾಕಿ ತಿಂಗಳಾಯಿತು" ಅನ್ನುವುದೇ.

ನೆನಪಿಸುವ ಮೇಲ್ ಕಳಿಸುತ್ತೇವಲ್ಲ ಅಂತ ನೀವು ಹೇಳಬಹುದು. ಎಲ್ಲರೂ ಕಳಿಸುವುದಿಲ್ಲ. ಟ್ರಯಲ್ ಮುಗಿಯುವ 3 ದಿನ ಮೊದಲು ಸ್ಟ್ರೈಪ್ `customer.subscription.trial_will_end` ಅಂತ ಒಂದು ಸೂಚನೆ ಕೊಡುತ್ತದೆ. ಅದು ಬರುವುದು ಕಂಪನಿಯ ಸರ್ವರ್‌ಗೆ, ಗಿರಾಕಿಗಲ್ಲ. ಅದನ್ನು ಹಿಡಿದು ಗಿರಾಕಿಗೆ ಮೇಲ್ ಹೋಗುವಂತೆ ಮಾಡುವುದು ನಿಮ್ಮ ಕೆಲಸ. ನಾನಿದ್ದ ಕಂಪನಿಯಲ್ಲಿ ಮೊದಲ ಎರಡು ವರ್ಷ ಆ ಸೂಚನೆಯನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬೇಕಂತ ಬಿಟ್ಟದ್ದಲ್ಲ, ಯಾರ ಪಟ್ಟಿಯಲ್ಲೂ ಅದು ಇರಲಿಲ್ಲ. ಕಾರ್ಡ್ ಜಾಲಗಳಿಗೂ ಇದರಿಂದ ತಲೆನೋವಾಗಿತ್ತು. ಅದಕ್ಕೇ 2020ರಲ್ಲಿ ವೀಸಾ ಒಂದು ನಿಯಮ ತಂದಿತು. ಟ್ರಯಲ್ ಮುಗಿದು ಹಣ ಹಿಡಿಯುವ ಕನಿಷ್ಠ 7 ದಿನ ಮೊದಲು ಗಿರಾಕಿಗೆ ನೆನಪಿಸಬೇಕು, ರದ್ದು ಮಾಡುವ ದಾರಿಯನ್ನೂ ಕೊಡಬೇಕು ಅಂತ. 3 ದಿನ ಮೊದಲು ಬರುವ ಸೂಚನೆಯನ್ನೇ ನಂಬಿ ಕೂತರೆ ಈ 7 ದಿನದ ಲೆಕ್ಕ ಹೇಗೆ ಕೂಡುತ್ತದೆ, ನೀವೇ ನೋಡಿ.

ಈಗ ಒಂಬತ್ತು ಜನರ ಕತೆ. ನಾವಿರುವುದು ಮೂವರು. ಟ್ರಯಲ್‌ನ ಎರಡನೇ ವಾರ, ಕೆಲಸ ಎಲ್ಲಿಗೆ ಬಂತು ಅಂತ ಅವರೇ ನೋಡಿಕೊಳ್ಳಲಿ ಅಂತ ಆರು ಗಿರಾಕಿಗಳನ್ನು ಒಳಗೆ ಕರೆದಿದ್ದೆ. ಅವರು ಬರೀ ನೋಡುವವರು, ಏನನ್ನೂ ಬದಲಿಸುವವರಲ್ಲ. ಟ್ರಯಲ್‌ನಲ್ಲಿ ಎಷ್ಟು ಜನರನ್ನು ಕರೆದರೂ ಬಿಟ್ಟಿ. ಕರೆಯುವಾಗ ಯಾವ ಎಚ್ಚರಿಕೆಯೂ ಬರಲಿಲ್ಲ. ಆದರೆ ಆ ಕಂಪನಿಯ ಚಿಕ್ಕ ಪ್ಲ್ಯಾನ್‌ನಲ್ಲಿ "ಬರೀ ನೋಡುವವರು" ಅನ್ನುವ ವರ್ಗವೇ ಇಲ್ಲ. ಅದು ದೊಡ್ಡ ಪ್ಲ್ಯಾನ್‌ನ ಸೌಲಭ್ಯ. ಟ್ರಯಲ್ ಇದ್ದದ್ದು ದೊಡ್ಡ ಪ್ಲ್ಯಾನ್‌ನಲ್ಲಿ, ಮುಗಿದ ಮೇಲೆ ನಾವು ಇಳಿದದ್ದು ಚಿಕ್ಕದಕ್ಕೆ. ಇಳಿಯುವಾಗ ಆ ಆರೂ ಜನ ಪೂರ್ತಿ ಸೀಟುಗಳಾಗಿಬಿಟ್ಟರು, ಅಂದರೆ ತಲೆಗಿಷ್ಟು ಅಂತ ಹಣ ಕೊಡಬೇಕಾದ ಬಳಕೆದಾರರು. ಟ್ರಯಲ್ ಮುಗಿದ ನಿಮಿಷದಲ್ಲಿ ಎಷ್ಟು ಸೀಟು ಇದೆಯೋ ಅಷ್ಟಕ್ಕೆ ಬಿಲ್ ಆಗುತ್ತದೆ. ಹೀಗೆ ಮೂರು ಇದ್ದದ್ದು ಒಂಬತ್ತಾಯಿತು.

ಬರೆದು ಕೇಳಿದ ಮೇಲೆ ಆರು ಸೀಟಿನ ಹಣ ವಾಪಸ್ ಕೊಟ್ಟರು. ಮೂರು ಸೀಟಿನದು ಕೊಡಲಿಲ್ಲ. ಗಡುವು ದಾಟಿದ್ದು ನಾನೇ ಅಲ್ವಾ, ಸರಿ ಅಂತ ಬಿಟ್ಟೆ. ಹೇಗೂ ಹಣ ಹೋಗಿದೆ, ಒಂದು ತಿಂಗಳು ಬಳಸೋಣ ಅಂತ ಮುಂದುವರಿಸಿದೆವು. ಟ್ರಯಲ್‌ನಿಂದ ಏನು ಜೊತೆಗೆ ಬರುತ್ತದೆ, ಏನು ಅಲ್ಲೇ ಉಳಿಯುತ್ತದೆ ಅನ್ನುವುದು ಗೊತ್ತಾದದ್ದು ಆ ತಿಂಗಳಲ್ಲಿ.

"ನಿಮ್ಮ ಡೇಟಾ ಎಲ್ಲವೂ ಉಳಿಯುತ್ತದೆ" ಅಂತ ನಿಮ್ಮ ಪುಟಗಳಲ್ಲಿ ಬರೆದಿರುತ್ತೀರಿ. ಅದು ಸುಳ್ಳಲ್ಲ. ನಮ್ಮ ಫೈಲ್‌ಗಳು ಉಳಿದವು, ಹೆಸರುಗಳು ಉಳಿದವು, ತಾರೀಖುಗಳು ಉಳಿದವು. ಉಳಿಯದೇ ಹೋದದ್ದು ಅವುಗಳ ಮೇಲೆ ನಾವು ಕಟ್ಟಿಕೊಂಡಿದ್ದ ಕೆಲಸ. ಟ್ರಯಲ್‌ನಲ್ಲಿ ನಾನು ಒಂದು ನಿಯಮ ಹಾಕಿದ್ದೆ: ಯಾವುದೇ ಫೈಲ್ ಕೊಡುವ ಹಿಂದಿನ ದಿನ ಬೆಳಿಗ್ಗೆ 9ಕ್ಕೆ ಅದನ್ನು ಮಾಡುವವರಿಗೆ ನೆನಪಿನ ಮೇಲ್ ಹೋಗಬೇಕು. ಎರಡು ವಾರ ತಪ್ಪದೆ ಹೋಯಿತು. ಎಷ್ಟು ಚೆನ್ನಾಗಿ ಹೋಯಿತೆಂದರೆ ಗೋಡೆಯ ಮೇಲಿದ್ದ ನಮ್ಮ ಹಳೆಯ ಪಟ್ಟಿಯನ್ನು ಕಿತ್ತುಹಾಕಿದೆವು. ಚಿಕ್ಕ ಪ್ಲ್ಯಾನ್‌ನಲ್ಲಿ ಇಂಥ ಸ್ವಯಂಚಾಲಿತ ನಿಯಮಗಳಿಗೆ ಜಾಗ ಇಲ್ಲ. ಹಾಗಂತ ನಿಯಮ ಅಳಿಸಿಹೋಗಲೂ ಇಲ್ಲ. ಪುಟದಲ್ಲಿ ಹಾಗೇ ಕಾಣುತ್ತಿತ್ತು, ಅದರ ಪಕ್ಕದ ಹಸಿರು ಚುಕ್ಕೆ ಮಾತ್ರ ಬೂದು ಬಣ್ಣಕ್ಕೆ ತಿರುಗಿತ್ತು. ಆ ಪುಟಕ್ಕೆ ದಿನಾ ಯಾರು ಹೋಗುತ್ತಾರೆ? ಮೇಲ್ ನಿಂತದ್ದು ನಮಗೆ ಗೊತ್ತಾಗಲಿಲ್ಲ. 20ಕ್ಕೆ ಕೊಡಬೇಕಿದ್ದ ಒಂದು ಫೈಲ್ 21ರ ಮಧ್ಯಾಹ್ನ ಹೋಯಿತು. ಗಿರಾಕಿ ಒಳ್ಳೆಯವರು, ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ಬೂದು ಚುಕ್ಕೆ ಇವತ್ತಿಗೂ ಕಣ್ಣ ಮುಂದೆ ಇದೆ.

ಟ್ರಯಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ಲ್ಯಾನ್ ತೋರಿಸುವುದು ವ್ಯಾಪಾರದ ದೃಷ್ಟಿಯಿಂದ ಜಾಣತನ ಇರಬಹುದು. ರುಚಿ ಹತ್ತಲಿ ಅಂತ ತಾನೇ? ನನ್ನ ಅಭಿಪ್ರಾಯ ಕೇಳಿದರೆ, ಯಾವ ಪ್ಲ್ಯಾನ್ ಕೊಳ್ಳುತ್ತೇವೋ ಅದರದ್ದೇ ಟ್ರಯಲ್ ಕೊಡುವುದು ನ್ಯಾಯ. ಅದಾಗದಿದ್ದರೆ ಇಷ್ಟಾದರೂ ಮಾಡಿ. ಗಿರಾಕಿ ದೊಡ್ಡ ಪ್ಲ್ಯಾನ್‌ನ ಸೌಲಭ್ಯವನ್ನು ಮೊದಲ ಸಲ ಮುಟ್ಟಿದಾಗಲೇ "ನೀವು ಆರಿಸಿರುವ ಪ್ಲ್ಯಾನ್‌ನಲ್ಲಿ ಇದು 17ರಿಂದ ಕೆಲಸ ಮಾಡುವುದಿಲ್ಲ" ಅಂತ ಒಂದು ಸಾಲು ತೋರಿಸಿ. ಯಾವ ಪ್ಲ್ಯಾನ್ ಅಂತ ನಾನು ಮೊದಲ ದಿನವೇ ಹೇಳಿದ್ದೆ. ನಿಮ್ಮ ವ್ಯವಸ್ಥೆಗೆ ಅದು ಗೊತ್ತಿತ್ತು.

ಎಣಿಕೆಯ ವಿಷಯ ಇನ್ನೂ ವಿಚಿತ್ರ. ಆ ಸಾಫ್ಟ್‌ವೇರ್‌ನಲ್ಲಿ ಸ್ಕ್ಯಾನ್ ಮಾಡಿದ ಪುಟವನ್ನು ಅಕ್ಷರಕ್ಕೆ ಬದಲಿಸುವ ಸೌಲಭ್ಯ ಇತ್ತು. ಚಿಕ್ಕ ಪ್ಲ್ಯಾನ್‌ಗೆ ತಿಂಗಳಿಗೆ 500 ಪುಟ. ಟ್ರಯಲ್‌ನಲ್ಲಿ ನಾವು 160 ಪುಟ ಬಳಸಿದ್ದೆವು. ಹಣ ಕೊಟ್ಟ ದಿನದಿಂದ ಹೊಸ 500 ಅಂದುಕೊಂಡೆ. ಮಾರ್ಚ್ 28ಕ್ಕೆ, 340 ಪುಟ ಆದ ಮೇಲೆ, "ಈ ತಿಂಗಳ ಮಿತಿ ಮುಗಿದಿದೆ" ಅಂತ ಬಂತು. ಯಾಕೆಂದರೆ ಬಿಲ್ ಓಡುತ್ತಿದ್ದದ್ದು 17ರಿಂದ 17ಕ್ಕೆ, ಪುಟದ ಎಣಿಕೆ ಓಡುತ್ತಿದ್ದದ್ದು ಕ್ಯಾಲೆಂಡರ್ ತಿಂಗಳಿಗೆ. ಟ್ರಯಲ್‌ನ 160 ಪುಟ ಮಾರ್ಚ್ ಲೆಕ್ಕದಲ್ಲೇ ಕೂತಿತ್ತು. ಏಪ್ರಿಲ್ 1ಕ್ಕೆ ಮತ್ತೆ ಪೂರ್ತಿ 500 ಬಂತು, ಹಾಗಾಗಿ ಪುಟಗಳ ಒಟ್ಟು ಲೆಕ್ಕದಲ್ಲಿ ನಮಗೆ ನಷ್ಟ ಆಗಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೆ ಕೆಲಸ ನಿಂತದ್ದು 28ಕ್ಕೆ. ಗಿರಾಕಿಗೆ "28ಕ್ಕೆ ಪುಟ ಮುಗಿಯಿತು, 1ಕ್ಕೆ ಮತ್ತೆ ಬರುತ್ತದೆ" ಅಂತ ಹೇಳೋಕೆ ಆಗುತ್ತಾ?

ಇದರ ಉಲ್ಟಾ ಕೂಡ ನಡೆಯುತ್ತದೆ. ಟ್ರಯಲ್‌ಗೆ ಅಂತ ಬೇರೆ ಕ್ರೆಡಿಟ್ ಕೊಟ್ಟಿರುತ್ತಾರೆ, ಅದರಲ್ಲಿ ಉಳಿದದ್ದು ಮುಂದಕ್ಕೆ ಬರುತ್ತದೆ ಅಂತ ಗಿರಾಕಿ ಜೋಪಾನವಾಗಿ ಇಟ್ಟುಕೊಂಡಿರುತ್ತಾನೆ. ಸಾಮಾನ್ಯವಾಗಿ ಬರುವುದಿಲ್ಲ. ಟ್ರಯಲ್ ಮುಗಿದ ನಿಮಿಷಕ್ಕೆ ಸೊನ್ನೆ. ಇದರಲ್ಲಿ ಅನ್ಯಾಯ ಏನಿಲ್ಲ, ಬಿಟ್ಟಿ ಕೊಟ್ಟದ್ದು. ಆದರೆ ಮೊದಲೇ ಹೇಳಿದ್ದರೆ ಅವನು ಸುಮ್ನೆ ಉಳಿಸಿಡದೆ ಬಳಸಿ ನೋಡುತ್ತಿದ್ದ. ಟ್ರಯಲ್ ಇರುವುದೇ ಅದಕ್ಕಲ್ವಾ?

ಹಣ ಕೊಡದೆ ಬಿಟ್ಟವರ ಡೇಟಾ ಏನಾಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬಹಳ ಕಡೆ ಖಾತೆ "ಓದಲು ಮಾತ್ರ" ಆಗುತ್ತದೆ, ಇಂತಿಷ್ಟು ದಿನ ಬಿಟ್ಟು ಅಳಿಸಿಹೋಗುತ್ತದೆ. ಆ ದಿನಗಳ ಎಣಿಕೆ ಸಾಮಾನ್ಯವಾಗಿ ಶುರುವಾಗುವುದು ಟ್ರಯಲ್ ಮುಗಿದ ದಿನದಿಂದ, ಗಿರಾಕಿ ಕೊನೆಯ ಸಲ ಒಳಗೆ ಹೋದ ದಿನದಿಂದಲ್ಲ. ನನಗೆ ಕೋಪ ಬರುವುದು ಒಂದಕ್ಕೆ: ಕೆಲವು ಕಡೆ ಓದಲು ಮಾತ್ರ ಆದ ಖಾತೆಯಲ್ಲಿ ಡೇಟಾ ಹೊರತೆಗೆಯುವ ಬಟನ್ ಕೂಡ ಬಂದ್ ಆಗಿರುತ್ತದೆ. ನೋಡಬಹುದು, ಒಯ್ಯುವ ಹಾಗಿಲ್ಲ. ಸ್ವಂತ ಫೈಲ್ ವಾಪಸ್ ಪಡೆಯಲು ಒಂದು ತಿಂಗಳ ಹಣ ಕಟ್ಟಿದವರಿಗೆ ನಾನೇ ರಸೀದಿ ಕಳಿಸಿದ್ದೇನೆ. ಇದನ್ನು ಓದುತ್ತಿರುವ ಗಿರಾಕಿಗಳಿಗೆ ಒಂದು ಮಾತು. ಮನಸ್ಸು ಗಟ್ಟಿಯಾಗದಿದ್ದರೂ ಟ್ರಯಲ್ ಮುಗಿಯುವ ಎರಡು ದಿನ ಮೊದಲು ಎಲ್ಲವನ್ನೂ ಒಂದು ಸಲ ಇಳಿಸಿಕೊಂಡುಬಿಡಿ. ಇಳಿಸಿದ ಫೈಲ್ ತೆರೆದು ನೋಡಿ. ಹೆಸರುಗಳ ಪಟ್ಟಿ ಬಂದು ಟಿಪ್ಪಣಿಗಳು ಬಾರದೆ ಹೋಗುವುದು ಸಾಮಾನ್ಯ.

ಇನ್ನು ಉಳಿದದ್ದು ಪಾವತಿ ಪ್ಲ್ಯಾನ್ ಯಾವಾಗ ಶುರುವಾಗುತ್ತದೆ ಅನ್ನುವುದು. ಟ್ರಯಲ್ ತಾನಾಗಿ ಮುಗಿದರೆ ಉತ್ತರ ಸುಲಭ: ಮುಗಿದ ನಿಮಿಷದಿಂದ. ಗಿರಾಕಿ ಮಧ್ಯದಲ್ಲೇ "ಸರಿ, ತೆಗೆದುಕೊಳ್ಳುತ್ತೇನೆ" ಅಂದಾಗ ತೊಡಕು ಬರುತ್ತದೆ. ನನ್ನ ಸಪೋರ್ಟ್ ದಿನಗಳ ಒಂದು ಪ್ರಕರಣ ಹೇಳುತ್ತೇನೆ. 30 ದಿನದ ಟ್ರಯಲ್, ಜೂನ್ 1ಕ್ಕೆ ಶುರು, ಜುಲೈ 1ಕ್ಕೆ ಕೊನೆ. ಒಬ್ಬ ಮೇಡಂಗೆ ಸಾಫ್ಟ್‌ವೇರ್ ಹಿಡಿಸಿತು. ಆಮೇಲೆ ಮರೆತುಹೋಗುವುದು ಬೇಡ ಅಂತ ಜೂನ್ 10ಕ್ಕೇ ಹಣ ಕಟ್ಟಿದರು. ಅವರ ಲೆಕ್ಕದಲ್ಲಿ ಪಾವತಿ ತಿಂಗಳು ಜುಲೈ 1ರಿಂದ ಆಗಸ್ಟ್ 1ರವರೆಗೆ. ನಮ್ಮ ವ್ಯವಸ್ಥೆಯ ಲೆಕ್ಕದಲ್ಲಿ ಜೂನ್ 10ರಿಂದ ಜುಲೈ 10ರವರೆಗೆ. ಜುಲೈ 10ಕ್ಕೆ ಎರಡನೇ ಬಿಲ್ ಹೋದಾಗ ಅವರು ಬರೆದರು, "ನನ್ನ 21 ದಿನ ಎಲ್ಲಿ ಹೋಯಿತು?"

ಎಲ್ಲಿ ಹೋಯಿತು ಅಂದರೆ, ಅವರು ಹಣ ಕಟ್ಟಿದ ಗಳಿಗೆಯಲ್ಲೇ ನಾವು ಟ್ರಯಲ್ ಕೊನೆ ಮಾಡಿದ್ದೆವು. ಬಿಲ್ಲಿಂಗ್ ಭಾಷೆಯಲ್ಲಿ ಅದು ಒಂದೇ ಸಾಲಿನ ಕೆಲಸ:

```
trial_end=now
```

ಇದರಿಂದ ಟ್ರಯಲ್ ಅಲ್ಲಿಗೇ ನಿಲ್ಲುತ್ತದೆ, ಬಿಲ್ ಹುಟ್ಟುತ್ತದೆ, ಮುಂದಿನ ಎಲ್ಲ ಬಿಲ್ಲುಗಳ ತಾರೀಖು ಆ ದಿನಕ್ಕೇ ಕಟ್ಟಿಹಾಕಿದ ಹಾಗೆ ಆಗುತ್ತದೆ. ಕಾರ್ಡ್ ಮಾತ್ರ ಇಟ್ಟುಕೊಂಡು ಟ್ರಯಲ್ ಅದರ ಪಾಡಿಗೆ ಮುಗಿಯಲಿ ಅಂತ ಬಿಡುವುದೂ ಅಷ್ಟೇ ಸುಲಭ. ಆಗ ಆ ಮೇಡಂ ಅಂದುಕೊಂಡ ಹಾಗೆಯೇ ಜುಲೈ 1ರಿಂದ ಶುರುವಾಗುತ್ತಿತ್ತು. ನಮ್ಮ ಪುಟದಲ್ಲಿ ಎರಡು ಬಟನ್ ಇದ್ದವು: "ಈಗಲೇ ಅಪ್‌ಗ್ರೇಡ್ ಮಾಡಿ" ಅಂತ ದೊಡ್ಡದು, "ಕಾರ್ಡ್ ಸೇರಿಸಿ" ಅಂತ ಸೆಟ್ಟಿಂಗ್ಸ್ ಒಳಗೆ ಎಲ್ಲೋ ಚಿಕ್ಕದು. ಎರಡಕ್ಕೂ 21 ದಿನದ ವ್ಯತ್ಯಾಸ ಇದೆ ಅಂತ ಯಾವ ಬಟನ್ ಮೇಲೂ ಬರೆದಿರಲಿಲ್ಲ. ವರ್ಷದ ಪ್ಲ್ಯಾನ್ ಆದರೂ ಇದೇ ಕತೆ, ಮುಂದಿನ ವರ್ಷದ ಬಿಲ್ 21 ದಿನ ಮುಂಚೆ ಬರುತ್ತದೆ. ವರ್ಷ ಕಳೆದ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ.

ಕೂಡಲೇ ಶುರು ಮಾಡುವುದು ಯಾವಾಗಲೂ ತಪ್ಪು ಅಂತ ನಾನು ಹೇಳುತ್ತಿಲ್ಲ. ಟ್ರಯಲ್‌ನಲ್ಲಿ ಏನಾದರೂ ತಡೆ ಇದ್ದು, ಅದನ್ನು ದಾಟಲು ಗಿರಾಕಿ ಹಣ ಕೊಟ್ಟರೆ ಆ ದಿನದಿಂದಲೇ ಲೆಕ್ಕ ಹಿಡಿಯುವುದು ಸರಿ. ಉದಾಹರಣೆಗೆ ಟ್ರಯಲ್‌ನಲ್ಲಿ ಮಾಡಿದ ಕಡತದ ಮೇಲೆ ಕಂಪನಿಯ ಮುದ್ರೆ ಬೀಳುತ್ತಿರುತ್ತದೆ, ಅದಿಲ್ಲದೆ ನಾಳೆಯೇ ಬೇಕು. ಹಣ ಕೊಟ್ಟದ್ದಕ್ಕೆ ಆ ದಿನವೇ ಹೊಸದೊಂದು ಸಿಕ್ಕಿತು. ಆದರೆ ಆ ಮೇಡಂಗೆ ಜೂನ್ 10ಕ್ಕೆ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ. 9ನೇ ತಾರೀಖು ಏನಿತ್ತೋ 11ನೇ ತಾರೀಖೂ ಅದೇ ಇತ್ತು. ಬೇಗ ಹೂಂ ಅಂದವರಿಗೆ ದಂಡ ಹಾಕಿದ ಹಾಗಾಯಿತು. ಕೊನೆಯ ದಿನದವರೆಗೆ ಸುಮ್ಮನಿದ್ದವರಿಗೆ ಪೂರ್ತಿ 30 ದಿನ ಸಿಕ್ಕಿತು.

ರಿಯಾಯಿತಿ ಕೂಪನ್‌ನಲ್ಲೂ ಇಂಥದ್ದೇ ಒಂದು ಗುಂಡಿ ಇದೆ. "ಮೊದಲ 3 ತಿಂಗಳು ಅರ್ಧ ಬೆಲೆ" ಅಂತ ಕೂಪನ್ ಕೊಡುತ್ತೀರಿ. ಕೂಪನ್‌ನ ಮೂರು ತಿಂಗಳು ಕೆಲವು ಕಡೆ ಅದನ್ನು ಹಾಕಿದ ದಿನದಿಂದಲೇ ಓಡಲು ಶುರು ಮಾಡುತ್ತವೆ, ಮೊದಲ ಬಿಲ್ಲಿನಿಂದ ಅಲ್ಲ. ಒಂದು ತಿಂಗಳ ಟ್ರಯಲ್ ಇದ್ದರೆ ಅದರಲ್ಲೇ ಒಂದು ತಿಂಗಳು ಕರಗಿಹೋಯಿತು. ಬಿಟ್ಟಿ ತಿಂಗಳಿಗೆ ಅರ್ಧ ಬೆಲೆ ಕೊಟ್ಟ ಲೆಕ್ಕ! ಇದನ್ನು ಬೇಕಂತ ಮಾಡಿದವರನ್ನು ನಾನು ನೋಡಿಲ್ಲ. ಕೂಪನ್ ಮಾಡಿದವರು ಒಬ್ಬರು, ಟ್ರಯಲ್ ಇಟ್ಟವರು ಇನ್ನೊಬ್ಬರು, ಇಬ್ಬರೂ ಕೂತು ಒಂದು ಸಲ ಕ್ಯಾಲೆಂಡರ್ ನೋಡಿರುವುದಿಲ್ಲ.

ಮೊದಲ ಹಣ ಹಿಡಿಯುವಾಗ ಕಾರ್ಡ್ ನಡೆಯದಿದ್ದರೆ? ಖಾತೆ ಕೂಡಲೇ ಮುಚ್ಚುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಸ್ಥಿತಿ `past_due` ಆಗುತ್ತದೆ, ವ್ಯವಸ್ಥೆ ಕೆಲವು ದಿನ ಬಿಟ್ಟು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಅಷ್ಟರಲ್ಲಿ ಸಾಫ್ಟ್‌ವೇರ್ ನಡೆಯುತ್ತಲೇ ಇರಬಹುದು. ಹತ್ತು ದಿನ ಬಿಟ್ಟು ಹಣ ಹೋದರೂ ಆ ತಿಂಗಳ ಲೆಕ್ಕ ಟ್ರಯಲ್ ಮುಗಿದ ದಿನದಿಂದಲೇ. ಹಣ ಹೋದ ದಿನದಿಂದ ಅಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಷರತ್ತಿನ ಪುಟ ಎಷ್ಟು ಉದ್ದ ಬೇಕಾದರೂ ಇರಲಿ, ವಕೀಲರಿಗೆ ಅವರ ಕೆಲಸ ಇದೆ. ಖಾತೆ ತೆರೆಯುವ ಬಟನ್‌ನ ಮೇಲೆ, ಅದೇ ಗಾತ್ರದ ಅಕ್ಷರದಲ್ಲಿ, ಆ ಗಿರಾಕಿಯ ಸ್ವಂತ ತಾರೀಖು ಹಾಕಿ ಇಷ್ಟು ಬರೆಯಿರಿ. ನನ್ನ ಖಾತೆಗೇ ಬರೆದಿದ್ದರೆ ಹೀಗಿರುತ್ತಿತ್ತು:

"ನಿಮ್ಮ ಟ್ರಯಲ್ ನಿಮ್ಮ ಗಡಿಯಾರದ ಪ್ರಕಾರ ಮಾರ್ಚ್ 17ರ ಸಂಜೆ 6:40ಕ್ಕೆ ಮುಗಿಯುತ್ತದೆ. ಅದಕ್ಕೆ ಮೊದಲು ರದ್ದು ಮಾಡಿದರೆ ಹಣ ಹೋಗುವುದಿಲ್ಲ, 6:40ರವರೆಗೆ ಬಳಸಬಹುದು. ರದ್ದು ಮಾಡದಿದ್ದರೆ ಆಗ ಖಾತೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ಸೀಟಿನ ಬಿಲ್ ಆಗುತ್ತದೆ, ನೋಡಲು ಮಾತ್ರ ಬಂದವರೂ ಸೇರಿ. ನಿಮ್ಮ ಫೈಲ್‌ಗಳು ಉಳಿಯುತ್ತವೆ, ಸ್ವಯಂಚಾಲಿತ ನೆನಪಿನ ಮೇಲ್‌ಗಳು ನಿಲ್ಲುತ್ತವೆ. ಈ ತಿಂಗಳು ಬಳಸಿದ ಪುಟಗಳು ನಿಮ್ಮ 500ರಲ್ಲಿ ಕಳೆಯುತ್ತವೆ. ಮೊದಲೇ ಹಣ ಕಟ್ಟಿದರೂ ಪಾವತಿ ತಿಂಗಳು ಶುರುವಾಗುವುದು ಮಾರ್ಚ್ 17ಕ್ಕೇ."

ಆರು ವಾಕ್ಯ. ಇದನ್ನು ಬರೆಯಲು ಬೇಕಾದ ಪ್ರತಿಯೊಂದು ಸಂಗತಿಯೂ ನಾನು ಬಟನ್ ಒತ್ತುವ ಮೊದಲೇ ನಿಮ್ಮ ವ್ಯವಸ್ಥೆಗೆ ಗೊತ್ತಿರುತ್ತದೆ. ನಿಮ್ಮಲ್ಲಿ ಕೆಲವರ ನಿಯಮ ಬೇರೆ ಇರಬಹುದು. ರದ್ದು ಮಾಡಿದ ಕೂಡಲೇ ಟ್ರಯಲ್ ಕೊನೆಯಾಗುವ ಕಡೆಯೂ ಇದೆ, ಮೊದಲ ದಿನವೇ ರದ್ದು ಮಾಡಿಟ್ಟರೆ ಉಳಿದ ದಿನಗಳು ಸಿಗುವುದಿಲ್ಲ. ಹಾಗಿದ್ದರೆ ಹಾಗೆ ಬರೆಯಿರಿ. ನಿಯಮ ಬಿಗಿ ಇದ್ದರೂ ನಾನು ತಕರಾರು ಮಾಡುವುದಿಲ್ಲ, ನನಗೆ ಮೊದಲೇ ಗೊತ್ತಿರಬೇಕು.

ಇದನ್ನು ಬರೆದರೆ ಟ್ರಯಲ್ ತೆಗೆದುಕೊಳ್ಳುವವರು ಕಡಿಮೆಯಾಗುತ್ತಾರೆ ಅಂತ ನಿಮ್ಮ ಮೀಟಿಂಗ್‌ನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ಮೀಟಿಂಗ್‌ನಲ್ಲೂ ಹೇಳಿದ್ದರು, ಅದಕ್ಕೆ ನನ್ನ ಹತ್ತಿರ ಅಂಕಿ ಅಂಶ ಇರಲಿಲ್ಲ, ಸುಮ್ಮನಾದೆ. ಆದರೆ ಆ ಮೀಟಿಂಗ್ ಆದ ಮೇಲೆ ಮೇಜಿಗೆ ವಾಪಸ್ ಬಂದು ಕೂತಾಗ ನನ್ನ ಮುಂದೆ ಕಾಯುತ್ತಿದ್ದದ್ದು ರಿಫಂಡ್ ಕೇಳುವ ಮೇಲ್‌ಗಳೇ.

ಮುಂದಿನ ವಾರ ನಾವು ಮೂವರು ಇನ್ನೊಂದು ಕಂಪನಿಯ ಟ್ರಯಲ್ ಶುರು ಮಾಡುತ್ತಿದ್ದೇವೆ, 30 ದಿನದ್ದು. ಈ ಸಲ ಖಾತೆ ತೆರೆಯುವ ಮೊದಲೇ ಅವರಿಗೆ ಮೂರು ಪ್ರಶ್ನೆ ಬರೆದು ಕಳಿಸಿದ್ದೇನೆ: ಎಷ್ಟು ಗಂಟೆಗೆ ಮುಗಿಯುತ್ತದೆ, ಚಿಕ್ಕ ಪ್ಲ್ಯಾನ್‌ಗೆ ಇಳಿದರೆ ಏನು ನಿಲ್ಲುತ್ತದೆ, ಬೇಗ ಹಣ ಕಟ್ಟಿದರೆ ಉಳಿದ ದಿನ ಏನಾಗುತ್ತದೆ. ನಾಲ್ಕು ದಿನ ಆಯಿತು. "ನಿಮ್ಮ ಆಸಕ್ತಿಗೆ ಧನ್ಯವಾದ, ಇಂದೇ ಉಚಿತ ಟ್ರಯಲ್ ಶುರು ಮಾಡಿ" ಅಂತ ಉತ್ತರ ಬಂದಿದೆ. ಕೆಳಗೆ ಒಂದು ಬಟನ್ ಇದೆ. ನಾನು ಇನ್ನೂ ಒತ್ತಿಲ್ಲ.

ಇಂತಿ,
ಹಿಂದೆ ನಿಮ್ಮ ಪರವಾಗಿ ಉತ್ತರ ಬರೆಯುತ್ತಿದ್ದ ಒಬ್ಬ ಗಿರಾಕಿ